ರಾಧಾಮಣಿ ಚಾರ್ಜು ಒಪ್ಪಿಸಿದ್ದು

ಜೂನ್ ಒಂದನೇ ತಾರೀಕು ಬೆಳಿಗ್ಗೆ ನಾನು ನಮ್ಮ ಯಜಮಾನರನ್ನು ಲಿಖಿತವಾಗಿ ‘ಮುದುಕ’ ಎಂದು ಕರೆದೆ. ಕರೆದು, ಅದನ್ನು ಅವರಿಗೇ ಕಳಿಸಿದೆ. ಅವರ ಭಾಮೈದನಿಗೂ ತುಮಕೂರಿನ ಎಚ್‌ಆರ್ ಮೇಡಮ್ಮಿಗೂ ಒಂದೊಂದು ಪ್ರತಿ, ಮೇಲಿನ ಭಾಷೆಯಲ್ಲಿ ‘ಸಿಸಿ’, ಹೋಯಿತು.

ಬೇಕೆಂದು ಮಾಡಿದ್ದಲ್ಲ. ಅಷ್ಟು ಧೈರ್ಯ ಇದ್ದಿದ್ದರೆ ನಾನು ಇಷ್ಟು ವರ್ಷ ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುತ್ತಾ ಕೂರುತ್ತಿರಲಿಲ್ಲ. ಆಗಿದ್ದಿಷ್ಟು. ಕಂಪ್ಯೂಟರಿನಲ್ಲಿ ಉತ್ತರ ಬರೆಯಲು ಎರಡು ಗುಂಡಿಗಳಿವೆ. ಒಂದನ್ನು ಒತ್ತಿದರೆ ಉತ್ತರ ಒಬ್ಬರಿಗೆ ಹೋಗುತ್ತದೆ, ಇನ್ನೊಂದನ್ನು ಒತ್ತಿದರೆ ಊರಿಗೆಲ್ಲ ಹೋಗುತ್ತದೆ. ಇವೆರಡನ್ನೂ ಅಕ್ಕಪಕ್ಕದಲ್ಲಿ ಇಟ್ಟ ಪುಣ್ಯಾತ್ಮ ಯಾರೋ, ಅವನಿಗೆ ನನ್ನ ಕನ್ನಡಕದ ನಂಬರು ಗೊತ್ತಿರಲಿಲ್ಲ.

ನಾನು ಉತ್ತರ ಬರೆದದ್ದು ನಮ್ಮ ರಾಧಾಮಣಿಯ ರಾಜೀನಾಮೆಯ ಮೇಲ್‌ಗೆ. ಆ ಮೇಲ್ ಇಂಗ್ಲಿಷಿನಲ್ಲಿ, ಇಸ್ತ್ರಿ ಹಾಕಿದ ಅಂಗಿಯ ಹಾಗೆ ನೆಟ್ಟಗಿತ್ತು. ಕನ್ನಡದಲ್ಲಿ ಹೇಳಬೇಕೆಂದರೆ ಹೀಗೆ:

‘ಮಾನ್ಯರೆ, ಸ್ಟೋರ್ ಅಸಿಸ್ಟೆಂಟ್ ಹುದ್ದೆಗೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಹೆಚ್ಚಿನ ಜವಾಬ್ದಾರಿಯ ಹುದ್ದೆಯೊಂದು ನನಗೆ ಬೇರೆ ಕಡೆ ದೊರೆತಿದೆ. ನನ್ನ ನೇಮಕಾತಿ ಪತ್ರದಲ್ಲಿರುವಂತೆ ಒಂದು ತಿಂಗಳ ನೋಟಿಸ್ ಅವಧಿ ಇಂದಿನಿಂದ ಆರಂಭವಾಗುತ್ತದೆ. ಕೊನೆಯ ಕೆಲಸದ ದಿನ ಜೂನ್ ಮೂವತ್ತು. ಚೇಂಬರುಗಳ ದಾಸ್ತಾನು, ಬಾಕಿ ಡೆಲಿವರಿ, ಕಂಪ್ಯೂಟರಿನ ಪಾಸ್‌ವರ್ಡು ಮತ್ತು ಬೀಗದ ಕೈಗಳನ್ನು ಯಾರಿಗೆ ಒಪ್ಪಿಸಬೇಕೆಂದು ತಿಳಿಸಿದರೆ ಈ ಅವಧಿಯಲ್ಲಿ ಅವರಿಗೆ ಎಲ್ಲವನ್ನೂ ತೋರಿಸಿ ಹ್ಯಾಂಡೋವರ್ ಮಾಡುತ್ತೇನೆ. ಇಲ್ಲಿ ಕಲಿತದ್ದಕ್ಕೆ ಕೃತಜ್ಞಳಾಗಿದ್ದೇನೆ.’

ಇದನ್ನು ಓದಿ ನನಗೆ ಖುಷಿಯಾಗಿ, ಅವಳೊಬ್ಬಳಿಗೆ ಅಂದುಕೊಂಡು ಬರೆದೆ: ‘ಶಭಾಷ್ ಕಣಮ್ಮ! ಈ ಕೊಂಪೆಯಿಂದ ನೀನೊಬ್ಬಳಾದ್ರೂ ಬಚಾವಾದೆ. ಮುದುಕ ಹೊಟ್ಟೆ ಉರ್ಕೊಳ್ಳೋದನ್ನ ಕಣ್ತುಂಬ ನೋಡ್ಬೇಕು. ಅಲ್ಲಿ ನನ್ನಂಥೋನಿಗೂ ಒಂದು ಸ್ಟೂಲ್ ಇದ್ರೆ ಹೇಳು.’

ಕಾಫಿ ಆರುವಷ್ಟರಲ್ಲಿ ಯಜಮಾನರ ಉತ್ತರ ಬಂತು. ಅದೂ ಎಲ್ಲರಿಗೂ. ‘ಮಹಾಲಿಂಗಯ್ಯ, ಮುದುಕ ಯಾರು? ಒಳಗೆ ಬನ್ನಿ. ಅವಳನ್ನೂ ಕರ್ಕೊಂಡು ಬನ್ನಿ. ಇಲ್ಲಿಂದ ಯಾರೂ ಹಂಗೆಲ್ಲ ಹೋಗೋಕಾಗಲ್ಲ.’

ನಮ್ಮ ಯಜಮಾನರ ಹೆಸರು ನಂದೀಶ್ವರಯ್ಯ. ನನಗಿಂತ ಎರಡೇ ವರ್ಷ ದೊಡ್ಡವರು. ಬಹುಶಃ ಅವರಿಗೆ ನೋವಾದದ್ದೂ ಅದಕ್ಕೇ. ಮಧುಗಿರಿಯಿಂದ ಪಾವಗಡದ ಕಡೆ ಹೋಗುವ ರಸ್ತೆಯಲ್ಲಿ ಕಿಟಕಿಯೇ ಇಲ್ಲದ ದೊಡ್ಡ ಬಿಳಿ ಡಬ್ಬಿಯೊಂದು ಕಾಣುತ್ತದಲ್ಲ, ಅದೇ ಅವರ ಕೋಲ್ಡ್ ಸ್ಟೋರೇಜು. ಸುತ್ತಿನ ವ್ಯಾಪಾರಿಗಳು ಸುಗ್ಗಿಯಲ್ಲಿ ಕೊಂಡ ಹುಣಸೆಹಣ್ಣನ್ನು ಬೀಜ ಬಿಡಿಸಿ ತಂದು ಇಲ್ಲಿ ಇಡುತ್ತಾರೆ. ಹೊರಗಿದ್ದರೆ ಕಪ್ಪಾಗುವ ಹಣ್ಣು ಇಲ್ಲಿ ಕೆಂಪಗೆ ಇರುತ್ತದೆ. ಬೆಲೆ ಏರಿದಾಗ ಲಾರಿ ತಂದು ಒಯ್ಯುತ್ತಾರೆ. ಯಾರ ಹಣ್ಣು, ಯಾವ ಚೇಂಬರು, ಯಾವ ಸಾಲು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದನ್ನೆಲ್ಲ ನೋಡಿಕೊಳ್ಳುವವಳು ರಾಧಾಮಣಿ. ಕಾಗದದ ಮೇಲೆ ಆ ಕೆಲಸ ಮ್ಯಾನೇಜರದ್ದು. ಮ್ಯಾನೇಜರು ನಾಗಭೂಷಣ್, ಯಜಮಾನರ ಹೆಂಡತಿಯ ತಮ್ಮ. ಅವನು ಹನ್ನೊಂದಕ್ಕೆ ಬಂದು ಕಾಫಿ ಕುಡಿದು, ಚೇಂಬರು ತಣ್ಣಗಿದೆಯೇ ಎಂದು ಬಾಗಿಲಿಗೆ ಅಂಗೈ ಇಟ್ಟು ನೋಡಿ ಹೋಗುತ್ತಾನೆ. ಜ್ವರ ನೋಡುವ ಡಾಕ್ಟರ ಹಾಗೆ.

ರಾಧಾಮಣಿ ಬಡವನಹಳ್ಳಿ ಪಕ್ಕದ ಒಂದು ಹಟ್ಟಿಯವಳು. ಅಪ್ಪ ಓಬಯ್ಯ ಕುರಿ ಕಾಯುತ್ತಾರೆ. ಇವಳು ಬಿ.ಕಾಂ. ಮುಗಿಸಿ, ಬೆಳಗಿನ ಬಸ್ಸು ಹಿಡಿದು ಬಂದು ಏಳು ವರ್ಷದಿಂದ ಸ್ಟೋರ್ ಅಸಿಸ್ಟೆಂಟಾಗಿಯೇ ಇದ್ದಳು. ಮಾತು ಕಡಿಮೆ, ಮುಖದಲ್ಲಿ ಏನೂ ಬರೆದಿರುವುದಿಲ್ಲ. ಅವಳು ತಮಾಷೆ ಮಾಡಿದ್ದು ನಮಗೆ ತಿಳಿಯುವುದೇ ಮನೆಗೆ ಹೋದ ಮೇಲೆ. ನಗಿಸುವುದೇ ನನ್ನ ಕಸುಬು ಎಂದುಕೊಂಡಿದ್ದ ನನಗೆ ಅವಳ ಮೇಲೆ ಸಣ್ಣ ಹೊಟ್ಟೆಕಿಚ್ಚೂ ಇತ್ತು.

ಈ ರಾಜೀನಾಮೆಗೆ ಕಾರಣವಾದದ್ದು ಒಂದು ಕಾಫಿ. ಮಾರ್ಚಿನಲ್ಲಿ ಬ್ಯಾಂಕಿನವರು ದಾಸ್ತಾನು ನೋಡಲು ಬಂದಿದ್ದರು. ಅದಕ್ಕೆ ಬೇಕಾದ ಪ್ರತಿ ಕಾಗದವನ್ನೂ ಸಿದ್ಧ ಮಾಡಿದವಳು ರಾಧಾಮಣಿ. ನೋಡಿದವರು, ‘ತುಂಬ ಅಚ್ಚುಕಟ್ಟಾಗಿದೆ, ಯಾರು ಮಾಡಿದ್ದು?’ ಎಂದು ಕೇಳಿದರು. ಯಜಮಾನರು ಭಾಮೈದನ ಹೆಗಲ ಮೇಲೆ ಕೈ ಹಾಕಿ, ‘ನಮ್ಮ ಮ್ಯಾನೇಜರು’ ಎಂದರು. ಆಮೇಲೆ ಅವಳ ಕಡೆ ತಿರುಗಿ, ‘ಏನಮ್ಮ ನಿಂತ್ಬುಟ್ಟೆ, ಸಾಹೇಬ್ರಿಗೆ ಕಾಫಿ ತತ್ತಾ’ ಎಂದರು. ಅವಳು ತಂದಿಟ್ಟಳು. ಸಕ್ಕರೆ ಸರಿಯಾಗಿಯೇ ಇತ್ತು. ನನಗೆ ಮಾತ್ರ ಸಿಟ್ಟು ಬಂತು. ಹಾಗಂತ ನಾನೇನೂ ಮಾತಾಡಲೂ ಇಲ್ಲ. ಸಿಟ್ಟು ಬಂದಾಗ ನಾನು ಸಾಮಾನ್ಯವಾಗಿ ಕನ್ನಡಕ ಒರೆಸುತ್ತೇನೆ. ಅವತ್ತೂ ಚೆನ್ನಾಗಿ ಒರೆಸಿದೆ.

ಸಿರಾ ಕಡೆ ದಾಳಿಂಬೆ ಹಣ್ಣು ಪ್ಯಾಕ್ ಮಾಡಿ ಹೊರಗೆ ಕಳಿಸುವ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಹುದ್ದೆ ವೇರ್‌ಹೌಸ್ ಮ್ಯಾನೇಜರ್. ಹೆಸರಿನ ಮುಂದೆ ಮ್ಯಾನೇಜರ್ ಎಂದೇ ಬರೆಯುತ್ತಾರಂತೆ. ಒಂದೇ ಷರತ್ತು: ಜುಲೈ ಮೂರಕ್ಕೆ ಸೇರಬೇಕು, ಬರುವಾಗ ಹಳೆಯ ಕಡೆಯಿಂದ, ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಎಂಬ ರಿಲೀವಿಂಗ್ ಲೆಟರ್ ತರಬೇಕು. ಅದಿಲ್ಲದಿದ್ದರೆ ಪಟ್ಟಿಯಲ್ಲಿ ಎರಡನೆಯವರನ್ನು ಕರೆಯುತ್ತಾರೆ. ಆ ಒಂದು ಹಾಳೆಗೆ ಸಹಿ ಹಾಕಬೇಕಾದವರು ನಂದೀಶ್ವರಯ್ಯ.

ಇಬ್ಬರೂ ಒಳಗೆ ಹೋದೆವು. ನನ್ನನ್ನು ಬೈದು ಮುಗಿಸಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಭ್ಯಾಸವಿತ್ತು. ಆಮೇಲೆ ಅವಳ ಕಡೆ ತಿರುಗಿದರು.

“ಏನಮ್ಮ ಇದು? ಮನೆ ಮಗಳಂಗೆ ನೋಡ್ಕೊಂಡೆ ನಿನ್ನ!”

“ಹೌದು ಸಾರ್.”

“ಮತ್ತೆ? ಮನೆ ಮಗಳು ಹಿಂಗೆ ಎದ್ದು ಹೊಂಟ್ಬುಡ್ತಾಳಾ?”

“ಮನೆ ಮಗಳನ್ನ ಎಲ್ರೂ ಒಂದಿನ ಕಳ್ಸೇ ಕಳಿಸ್ತಾರೆ ಸಾರ್. ಮಡಿಲಕ್ಕಿ ಬ್ಯಾಡ. ರಿಲೀವಿಂಗ್ ಲೆಟರ್ ಕೊಡಿ ಸಾಕು.”

ಯಜಮಾನರ ಕಿವಿ ಕೆಂಪಾಯಿತು. “ಕೊಡಲ್ಲ! ಏನ್ ಮಾಡ್ಕೊತೀಯ? ನಿಂಗೆ ಇಲ್ಲಿ ಏನ್ ಕಮ್ಮಿಯಾಗಿತ್ತು? ದೀಪಾವಳಿಗೆ ಸ್ವೀಟ್ ಬಾಕ್ಸ್ ಕೊಡ್ಲಿಲ್ವಾ?”

“ಕೊಟ್ರಿ ಸಾರ್. ಬಾಕ್ಸ್ ಇನ್ನೂ ಐತೆ. ಸೂಜಿ ದಾರ ಇಟ್ಟಿದೀವಿ.”

“ಮೇಲ್ ಕಳ್ಸೋಕೆ ಹೇಳ್ಕೊಟ್ಟೋರು ಯಾರು? ಬಾಯಲ್ಲಿ ಹೇಳೋಕೆ ಏನಾಗಿತ್ತು ರೋಗ?”

“ಬಾಯಲ್ಲಿ ಹೋದ ತಿಂಗಳು ಹೇಳ್ದೆ. ಆಗ ನೀವು ಬಾಯಲ್ಲಿ ಹೇಳಿದ್ರೆ ಆಗಲ್ಲ, ಬರ್ಕೊಡು ಅಂದ್ರಿ.”

ನಾನು ಕನ್ನಡಕ ಒರೆಸಿದೆ.

ಮರುದಿನದಿಂದ ಯಜಮಾನರು ಹೊಸ ದಾರಿ ಹಿಡಿದರು. ತುಮಕೂರಿನ ಲೋಹಿತಾ ಮೇಡಂ ನಮ್ಮಂಥ ಹತ್ತಾರು ಸಣ್ಣ ಕಂಪನಿಗಳಿಗೆ ಪಿ.ಎಫ್., ನೇಮಕಾತಿ, ರಾಜೀನಾಮೆ ಮುಂತಾದ ಕಾಗದದ ಕೆಲಸ ಮಾಡಿಕೊಡುವವರು. ನಮ್ಮ ಎಚ್‌ಆರ್ ಎಂದರೆ ಅವರೇ. ಅವರು ಫೋನ್ ಮಾಡಿದರೆ, ಯಜಮಾನರು ಸ್ಪೀಕರಿನಲ್ಲಿ ಹಾಕಿ, ನನ್ನ ಮುಂದೆಯೇ, “ರಾಜೀನಾಮೆ? ಯಾವ ರಾಜೀನಾಮೆ? ನಂಗೆ ಯಾವ ಮೇಲೂ ಬಂದಿಲ್ಲಮ್ಮ. ಬಂದ್ಮೇಲೆ ತಾನೆ ನೋಟಿಸ್ ಪೀರಿಯಡ್ ಶುರುವಾಗೋದು?” ಎಂದರು.

ಹೇಳುತ್ತಾ ನನ್ನ ಕಡೆ ನೋಡಿದರು. ನೀನೂ ಹಾಗೇ ಹೇಳು ಎಂಬ ನೋಟ. ನನಗೆ ಮೈ ಉರಿಯಿತು. ಒಬ್ಬ ಹೆಣ್ಣುಮಗಳ ಏಳು ವರ್ಷದ ದುಡಿಮೆಯನ್ನು ಭಾಮೈದನ ಹೆಗಲಿಗೆ ಹಾಕಿದ್ದು ಸಾಲದು ಎಂದು, ಈಗ ಅವಳ ಒಂದು ಹಾಳೆಯನ್ನೂ ಇಲ್ಲವೆನ್ನುವುದೇ? ಎದ್ದು ನಿಂತು ಸತ್ಯ ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಲೋಹಿತಾ ಮೇಡಂ ಅಂದರು:

“ಸಾರ್, ‘ಮುದುಕ ಯಾರು’ ಅಂತ ನೀವು ಒಂದನೇ ತಾರೀಕು ರಿಪ್ಲೈ ಮಾಡಿದೀರಲ್ಲ. ನಂಗೂ ಬಂದಿದೆ. ಅದರ ಕೆಳಗೇ ಮಹಾಲಿಂಗಯ್ಯನವರ ಮಾತು, ಅದರ ಕೆಳಗೇ ರಾಧಾಮಣಿ ಮೇಲ್ ಇದೆ. ಇಲ್ಲಿಂದ ಯಾರೂ ಹೋಗೋಕಾಗಲ್ಲ ಅಂತ ಬೇರೆ ಬರ್ದಿದೀರಿ. ಓದ್ದೆ ಬರೆಯೋಕೆ ಆಗಲ್ವಲ್ಲ ಸಾರ್?”

ಹೀಗೆ ನನ್ನ ಧೈರ್ಯ ಯಾರಿಗೂ ಬೇಕಾಗಲಿಲ್ಲ. ನನ್ನ ದಡ್ಡತನವೇ ಸಾಕಾಯಿತು. ನಾನು ಬಾಯಿ ಮುಚ್ಚಿಕೊಂಡೆ.

ಯಜಮಾನರು ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, “ಸರಿ, ಬಂತು ಅಂತಿಟ್ಕೊಳಿ. ಹ್ಯಾಂಡೋವರ್ ಮಾಡ್ತೀನಿ ಅಂತ ಅವಳೇ ಬರ್ದಿದಾಳಲ್ಲ? ಮಾಡ್ಲಿ. ಚಾರ್ಜು ಒಪ್ಪಿಸೋವರ್ಗೂ ನಾನು ಲೆಟ್ರು ಕೊಡಲ್ಲ” ಎಂದರು.

“ಚಾರ್ಜು ಕೊಡೋದು ನ್ಯಾಯ ಸಾರ್, ಆದ್ರೆ ತಗೊಳ್ಳೋಕೆ ಒಬ್ಬರನ್ನ ಹಾಕ್ಬೇಕು ನೀವು,” ಎಂದರು ಮೇಡಂ.

“ಹಾಕ್ತೀನಿ ಹಾಕ್ತೀನಿ.”

ಹಾಕಲಿಲ್ಲ. ಅಲ್ಲೇ ಇತ್ತು ಅವರ ಉಪಾಯ. ರಾಧಾಮಣಿ ಎಲ್ಲವನ್ನೂ ಬರೆದಿಟ್ಟಳು. ಯಾವ ಚೇಂಬರಿನಲ್ಲಿ ಯಾರ ಮೂಟೆ, ಯಾವ ಲಾರಿ ಯಾವಾಗ ಬರುತ್ತದೆ, ಕಂಪ್ರೆಸರ್ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರಲ್ಲಿತ್ತು. ಬರೆದದ್ದನ್ನು ನಾಗಭೂಷಣನ ಮುಂದೆ ಇಟ್ಟಳು. ಅವನು ಅದನ್ನು ಬಿಸಿ ಪಾತ್ರೆಯ ಹಾಗೆ ದೂರದಿಂದ ನೋಡಿದ.

“ಭಾವ ಮುಟ್ಬ್ಯಾಡ ಅಂದವ್ರೆ ಕಣಮ್ಮ.”

“ಓದಿ ಸಾಕು. ಮುಟ್ಬ್ಯಾಡಿ. ಪುಟ ನಾನು ತಿರುಗಿಸ್ತೀನಿ.”

“ಓದಿದ್ರೆ ಅರ್ಥ ಆಗ್ಬುಡ್ತೈತೆ. ಆಮೇಲೆ ನಾನೇ ಮಾಡ್ಬೇಕಾಗ್ತೈತೆ.” ಅವನ ಜೀವನದಲ್ಲಿ ನಾನು ಕೇಳಿದ ಏಕೈಕ ಸತ್ಯವಾದ ಮಾತು ಅದು.

ಅವಳು ವಾರವಾರ ಒಂದು ಮೇಲ್ ಕಳಿಸಿದಳು. ‘ಯಾರಿಗೆ ಒಪ್ಪಿಸಲಿ, ದಯವಿಟ್ಟು ತಿಳಿಸಿ.’ ಮೂರು ಚೇಂಬರಿನ ಬೀಗದ ಕೈ ಹಿಡಿದು ಯಜಮಾನರ ಬಾಗಿಲಿಗೂ ಹೋದಳು. ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಒಂದು ದಿನ, “ಮಂಗಳವಾರ ಯಾರಾದ್ರೂ ಬೀಗದ ಕೈ ಕೊಡ್ತಾರೇನಮ್ಮ? ಮನೆ ಹಾಳಾಗ್ತೈತೆ.” ಇನ್ನೊಂದು ದಿನ, “ಇವತ್ತು ಶುಕ್ರವಾರ, ಲಕ್ಷ್ಮಿನ ಕೈಯೆತ್ತಿ ಕೊಟ್ಟಂಗಲ್ವಾ?” ನಡುವೆ ಅಮಾವಾಸ್ಯೆ ಬಂತು. ಮಿಕ್ಕ ದಿನಗಳಲ್ಲಿ ರಾಹುಕಾಲ. ನಮ್ಮ ಯಜಮಾನರ ರಾಹು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಆಫೀಸಿನಲ್ಲೇ ಕೂತಿರುತ್ತಿದ್ದ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ದಿನನಿತ್ಯ ಬೀಗದ ಕೈ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದಿಲ್ಲ. ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆ ಎಂದು ಯಜಮಾನರ ತಂದೆಯ ಕಾಲದಿಂದ ಬಂದ ನಂಬಿಕೆ. ಆಫೀಸಿನ ಗೋಡೆಯಲ್ಲಿ ಅವರ ಮನೆದೇವರು ವೀರಭದ್ರಸ್ವಾಮಿಯ ದೊಡ್ಡ ಪಟವಿದೆ. ಅದರ ಮುಂದೆ ಒಂದು ಹಿತ್ತಾಳೆ ತಟ್ಟೆ. ಸಂಜೆ ಚೇಂಬರುಗಳ ಬಾಗಿಲು ಹಾಕಿದವರು ಬೀಗದ ಕೈಗಳನ್ನು ಆ ತಟ್ಟೆಯಲ್ಲಿಟ್ಟು ಕೈ ಮುಗಿದು ಹೋಗಬೇಕು. ಬೆಳಿಗ್ಗೆ ಬಾಗಿಲು ತೆಗೆಯುವವರು ಕೈ ಮುಗಿದು ಅಲ್ಲಿಂದ ತೆಗೆದುಕೊಳ್ಳಬೇಕು. ‘ಸ್ವಾಮಿಯ ತಟ್ಟೆಯಿಂದ ಕೀಲಿ ತೆಗೆದವರೇ ಅಂದಿನ ಜವಾಬ್ದಾರರು’ ಎಂದು ಯಜಮಾನರೇ ದಪ್ಪ ಅಕ್ಷರದಲ್ಲಿ ಬರೆಸಿ ಪಟದ ಪಕ್ಕದಲ್ಲಿ ಅಂಟಿಸಿದ್ದಾರೆ. ಏಳು ವರ್ಷ ಇಟ್ಟವಳೂ ತೆಗೆದವಳೂ ರಾಧಾಮಣಿಯೇ. ಹೀಗಾಗಿ ಆ ಬರಹವನ್ನು ಬೇರೆ ಯಾರೂ ಓದಿರಲಿಲ್ಲ.

ತಿಂಗಳು ಮುಗಿಯುತ್ತಾ ಬಂತು. ಆಗ ಯಜಮಾನರು ನಾನು ಈಗಲೂ ಕ್ಷಮಿಸದ ಕೆಲಸವೊಂದನ್ನು ಮಾಡಿದರು. ಬಡವನಹಳ್ಳಿಗೆ ಹೇಳಿಕಳಿಸಿ ಅವಳ ಅಪ್ಪನನ್ನು ಕರೆಸಿದರು. ವಯಸ್ಸು ಮೂವತ್ತು ಸಮೀಪಿಸಿದ, ಬಿ.ಕಾಂ. ಓದಿದ, ಮೂರು ಚೇಂಬರು ಆಳುವ ಹೆಣ್ಣುಮಗಳು ರಾಜೀನಾಮೆ ಕೊಟ್ಟರೆ ಅಪ್ಪನನ್ನು ಕರೆಸುವುದು! ಇದೇನು ಕಂಪನಿಯೋ, ಪಾಠ ಒಪ್ಪಿಸದ ಮಕ್ಕಳ ಶಾಲೆಯೋ? ನಾಳೆ ನಾನು ರಾಜೀನಾಮೆ ಕೊಟ್ಟರೆ ಸ್ವರ್ಗದಿಂದ ನಮ್ಮಪ್ಪನನ್ನು ಕರೆಸುತ್ತಿದ್ದರೇ?

ಓಬಯ್ಯ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದರು. ಯಜಮಾನರ ಕೋಣೆಯಲ್ಲಿ ನಾಲ್ಕು ಕುರ್ಚಿ ಖಾಲಿ ಇದ್ದವು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಯಾರೂ ಎಂದರೆ ಅದರಲ್ಲಿ ನಾನೂ ಸೇರಿದ್ದೆ. ರಾಧಾಮಣಿ ಬಾಗಿಲಲ್ಲಿ ನಿಂತು ಅಪ್ಪನನ್ನೂ ಆ ಕುರ್ಚಿಗಳನ್ನೂ ನೋಡಿದಳು. ಏನೂ ಬರೆದಿರದ ಅವಳ ಮುಖದಲ್ಲಿ ಅವತ್ತು ಏನೋ ಬರೆದದ್ದು ಕಂಡಿತು. ನಾನು ಪೂರ್ತಿ ಓದದೆ ತಲೆ ತಗ್ಗಿಸಿದೆ.

“ನೋಡಪ್ಪ ಓಬಯ್ಯ, ನಿನ್ ಮಗಳಿಗೆ ಬುದ್ಧಿ ಹೇಳು. ಹಿಂಗೆ ಅರ್ಧಕ್ಕೇ ಬುಟ್ಟು ಹೋದ್ರೆ ನಿಮ್ಮ ಮಂದಿಗೆ ನಾಳೆ ಯಾರ್ ಕೆಲ್ಸ ಕೊಡ್ತಾರೆ?”

‘ನಿಮ್ಮ ಮಂದಿ’ ಎಂದದ್ದು ಕೋಣೆಯಲ್ಲಿ ಹಾಗೇ ನಿಂತಿತು. ಓಬಯ್ಯ ಮಗಳ ಕಡೆ ತಿರುಗಿದರು.

“ಅರ್ಧಕ್ಕೇ ಬುಟ್ಟೆ ಏನವ್ವಾ?”

“ಇಲ್ಲಪ್ಪ. ತಿಂಗಳು ಮುಂಚೇನೇ ಹೇಳಿವ್ನಿ. ಎಲ್ಲಾ ಬರ್ದು ಇಟ್ಟಿವ್ನಿ. ತಕ್ಕೊಳಾಕೆ ಇವ್ರೇ ಬತ್ತಾ ಇಲ್ಲ.”

ಓಬಯ್ಯ ಯಜಮಾನರ ಕಡೆ ತಿರುಗಿದರು. “ಸ್ವಾಮೇರಾ, ನಾನೂ ಇನ್ನೊಬ್ರ ಕುರಿ ಮೇಸ್ತೀನಿ. ಬ್ಯಾಡಾಂದಾಗ ಬುಡ್ತೀನಿ. ಬುಡೋ ದಿನ ದಣಿ ಬಂದು ಎಣಿಸ್ಕಂಬೇಕು. ಬರ್ನಿಲ್ಲಾಂದ್ರೆ ನಾನೇನು ಸಾಯಗಂಟ ಮೇಸ್ಕಂಡಿರ್ಲಾ? ಅವ್ರ ದೊಡ್ಡೀಗೆ ಕೂಡಿ, ಅಗಳಿ ಹಾಕಿ, ಅವ್ರ ದ್ಯಾವ್ರಿಗೆ ಕೈ ಮುಗ್ದು ಎದ್ಬತ್ತೀನಿ. ಆಮ್ಯಾಲೆ ತ್ವಾಳ ತಿಂದ್ರೂ ಅದು ದಣಿಗೂ ತ್ವಾಳಕ್ಕೂ ಇರಾ ಮಾತು.”

“ಇದು ಕುರಿಯಲ್ಲ ಓಬಯ್ಯ, ಕೋಲ್ಡ್ ಸ್ಟೋರೇಜು!” ಎಂದು ಯಜಮಾನರು ಕೂಗಿದರು.

“ಆಗ್ಲಿ ಬುಡಿ. ಕುರಿಗಾದ್ರೆ ಬಾಯೈತೆ, ಅರಚ್ತಾವೆ. ಹುಣಿಸೇಹಣ್ಣು ಇನ್ನೂ ಸಲೀಸು,” ಎಂದು ಓಬಯ್ಯ ಕಂಬಳಿ ಸರಿಮಾಡಿಕೊಂಡರು. “ಬತ್ತೀನಿ ಸ್ವಾಮಿ. ಅಲ್ಲಿ ಮಂದೆ ಒಂಟಿಯಾಗೈತೆ.”

ಅವರನ್ನು ಬಸ್ಸಿಗೆ ಬಿಟ್ಟು ಬಂದ ರಾಧಾಮಣಿ ನನ್ನ ಮೇಜಿನ ಹತ್ತಿರ ನಿಂತಳು. ಧ್ವನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ನನಗೆ ಹಗುರವಾಗುತ್ತಿತ್ತು.

“ಮಾಲಿಂಗಣ್ಣ, ನಮ್ಮಪ್ಪನ್ನ ನಿಲ್ಲಿಸ್ಬುಟ್ರಲ್ಲ.”

“ಹೂಂ ಕಣಮ್ಮ.”

“ಕುರ್ಚಿ ಇದ್ವು.”

“ಇದ್ವು.”

ಅಷ್ಟೇ. ಅವಳು ಹೋಗಿ ಕೆಲಸ ನೋಡಿಕೊಂಡಳು. ಮನೆಗೆ ಹೋದ ಮೇಲೆ ನನ್ನ ಹೆಂಡತಿ, “ಯಾಕ್ರೀ ಕನ್ನಡಕ ಅಷ್ಟು ಉಜ್ತೀರ, ಗಾಜು ಸವೆದೋಗ್ತದೆ” ಎಂದಳು.

ಜೂನ್ ಮೂವತ್ತು ಮಂಗಳವಾರವೇ ಆಗಿತ್ತು. ಯಜಮಾನರು ಬೆಳಿಗ್ಗೆಯೇ ಹೆಂಡತಿಯನ್ನೂ ಭಾಮೈದನನ್ನೂ ಕರೆದುಕೊಂಡು ಕೊರಟಗೆರೆ ಕಡೆ, ಸಿದ್ದರಬೆಟ್ಟಕ್ಕೆ ಹೊರಟುಬಿಟ್ಟರು. ಭಕ್ತಿ ಆ ದಿನವೇ ಉಕ್ಕಿತು. ಹೊರಡುವಾಗ ನನಗೆ ಫೋನಿನಲ್ಲಿ, “ಬೆಟ್ಟದ ಮ್ಯಾಲೆ ಸಿಗ್ನಲ್ ಇರಲ್ಲ ಮಹಾಲಿಂಗಯ್ಯ. ಆ ಹುಡುಗಿ ಕೇಳಿದ್ರೆ ಚಾರ್ಜು ತಗೊಳೋರು ಯಾರೂ ಇರ್ನಿಲ್ಲ, ಹಂಗಾಗಿ ನಾಳೇನೂ ಬರ್ಬೇಕು ಅನ್ನಿ. ನಾಳೆ ಅಡವಯ್ಯನ ಲಾರಿ ಬೇರೆ ಐತೆ” ಎಂದರು. ನಾಳೆ ಬಂದರೆ ನಾಡಿದ್ದೂ ಬರಬೇಕು. ಹಾಗೇ ಮೂರನೇ ತಾರೀಕು ದಾಟಿಹೋಗುತ್ತದೆ. ಅವರಿಗೆ ಬೇಕಾದದ್ದು ಅದೇ.

ನಾನು ಅವಳಿಗೆ ಹೇಳಿದೆ. ಹೇಳಬಾರದಿತ್ತು ಎನ್ನುವಷ್ಟು ನಾಚಿಕೆಯಿಂದ ಹೇಳಿದೆ.

“ಸರಿ ಬುಡಿ ಮಾಲಿಂಗಣ್ಣ,” ಎಂದಳು.

ದಿನವಿಡೀ ಎಂದಿನಂತೆ ಕೆಲಸ ಮಾಡಿದಳು. ಸಂಜೆ ಮೂರು ಚೇಂಬರಿನ ಉಷ್ಣತೆ ಬರೆದಳು, ಬೀಗ ಹಾಕಿದಳು. ಚಪ್ಪಲಿ ಬಿಟ್ಟು, ಕೈ ಕಾಲು ತೊಳೆದು ಬಂದು, ಬೀಗದ ಕೈಗಳನ್ನು ವೀರಭದ್ರಸ್ವಾಮಿಯ ತಟ್ಟೆಯಲ್ಲಿಟ್ಟಳು. ದಾಸ್ತಾನಿನ ಪಟ್ಟಿಯನ್ನೂ ಪಾಸ್‌ವರ್ಡಿನ ಚೀಟಿಯಿದ್ದ ಮುಚ್ಚಿದ ಕವರನ್ನೂ ತಟ್ಟೆಯ ಕೆಳಗಿಟ್ಟಳು. ಮೇಲೊಂದು ಕಣಗಿಲೆ ಹೂವು. ಕೈ ಮುಗಿದಳು. ಆಮೇಲೆ ಮೊಬೈಲ್ ತೆಗೆದು ಫೋಟೊ ಹಿಡಿದಳು. ತಟ್ಟೆ, ಕೀಲಿ, ಸ್ವಾಮಿ, ಪಕ್ಕದ ದಪ್ಪ ಅಕ್ಷರದ ಬರಹ ಎಲ್ಲವೂ ಬರುವ ಹಾಗೆ. ಅಲ್ಲೇ ನಿಂತು ಒಂದು ಮೇಲ್ ಬರೆದಳು: ‘ಇಂದು ನನ್ನ ಕೊನೆಯ ಕೆಲಸದ ದಿನ. ಹ್ಯಾಂಡೋವರ್ ಪಡೆಯಲು ಯಾರನ್ನೂ ನೇಮಿಸಿಲ್ಲವಾದ್ದರಿಂದ, ಸಂಸ್ಥೆಯ ನಿಯಮದಂತೆ ಕೀಲಿಗಳನ್ನೂ ಪಟ್ಟಿಯನ್ನೂ ನಿಗದಿತ ಸ್ಥಳದಲ್ಲಿ ಇರಿಸಿದ್ದೇನೆ. ಫೋಟೊ ಲಗತ್ತಿಸಿದೆ.’

“ಮಂಗಳವಾರ ಕಣಮ್ಮ,” ಎಂದೆ, ಯಜಮಾನರು ಏನೆನ್ನುತ್ತಾರೋ ಎಂದು.

“ಮಂಗಳವಾರ ಕೈಗೆ ಕೊಡಬಾರ್ದು ಅಷ್ಟೇ ಅಣ್ಣ. ತಟ್ಟೆಗೆ ಏಳು ವರ್ಷದಿಂದ ಮಂಗಳವಾರಾನೂ ಇಟ್ಟಿವ್ನಿ.”

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಬಾಗಿಲಲ್ಲಿ ಲಾರಿ ನಿಂತಿತ್ತು. ಅಡವಯ್ಯ ಪಾವಗಡದ ಆಚೆ, ಆಂಧ್ರದ ಗಡಿಯ ವ್ಯಾಪಾರಿ. ಅರ್ಧ ಕನ್ನಡ ಅರ್ಧ ತೆಲುಗು, ಸಿಟ್ಟು ಬಂದರೆ ಪೂರ್ತಿ ತೆಲುಗು. ಆಗಲೇ ಮುಕ್ಕಾಲು ಭಾಗ ತೆಲುಗಿಗೆ ಹೋಗಿದ್ದರು.

“ಏಮಯ್ಯಾ ನಂದೀಶ್ವರಯ್ಯ, ತಾಳಂ ತೀಸ್ತಾವಾ ಲೇದಾ? ಲಾರಿ ಬಾಡಿಗೆ ನೀ ಕೊಡ್ತೀಯಾ?” ಎಂದು ಅವರು ಬೀಗವನ್ನು ಅಲ್ಲಾಡಿಸಿ ತೋರಿಸುತ್ತಿದ್ದರು.

ಒಳಗೆ ಪಟದ ಮುಂದೆ ಯಜಮಾನರು, ಅವರ ಹಿಂದೆ ಎಂದಿಲ್ಲದೆ ಬೇಗ ಬಂದ ನಾಗಭೂಷಣ್ ನಿಂತಿದ್ದರು. ಪಕ್ಕದಲ್ಲಿ ಲೋಹಿತಾ ಮೇಡಂ. ಮೇಲ್ ನೋಡಿ ತುಮಕೂರಿನಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. ಬೆಂಚಿನ ಮೇಲೆ ರಾಧಾಮಣಿ, ಹೊಸ ಸೀರೆಯುಟ್ಟು, ಲೆಟರಿಗೆ ಕಾಯುತ್ತಾ ಕೂತಿದ್ದಳು.

“ತಗಿಯಮ್ಮ ಕೀನ! ಲಾರಿ ನಿಂತೈತೆ!” ಯಜಮಾನರು ಅವಳಿಗೆ ಕೂಗಿದರು.

“ನಾನು ನೆನ್ನೆಗೆ ಮುಗೀತು ಸಾರ್. ಈಗ ಹೊರಗಿನೋಳು. ಹೊರಗಿನೋರು ಸ್ವಾಮಿ ತಟ್ಟೆಗೆ ಕೈ ಹಾಕ್ಬಾರ್ದು.”

ಯಜಮಾನರು ಭಾಮೈದನನ್ನು ನೋಡಿದರು. “ನಾಗ, ನೀನು ತಗಿ.”

ನಾಗಭೂಷಣ್ ದಪ್ಪ ಅಕ್ಷರದ ಬರಹವನ್ನು ಬದುಕಿನಲ್ಲಿ ಮೊದಲ ಸಲ ಓದಿದ. ಓದಿ ತಲೆ ಸವರಿಕೊಂಡ. “ಈಗ್ತಾನೆ ಕಟಿಂಗ್ ಮಾಡಿಸ್ಕೊಂಡು ಬಂದೆ ಭಾವ. ತಲೆಗೆ ನೀರು ಬಿದ್ದಿಲ್ಲ. ದೇವ್ರನ್ನ ಹೆಂಗ್ ಮುಟ್ಲಿ?”

“ಮಹಾಲಿಂಗಯ್ಯ, ನೀವು ತಗೀರಿ!”

ನನ್ನ ಜೀವನದ ವೀರಕ್ಷಣ ಬಂದೇಬಿಟ್ಟಿತು. ‘ಇಲ್ಲ, ಆ ಮಗುವಿಗೆ ಅನ್ಯಾಯ ಮಾಡಬೇಡಿ’ ಎಂದು ಗುಡುಗಬೇಕು. ಎದೆಯಲ್ಲಿ ತಿಂಗಳ ಸಿಟ್ಟು ಕುದಿಯುತ್ತಿತ್ತು, ಖಾಲಿ ಕುರ್ಚಿಗಳು ಕಣ್ಣ ಮುಂದೆ ಇದ್ದವು. ನಾನು ಎದೆ ಸೆಟೆಸಿ, ಗಂಟಲು ಸರಿಮಾಡಿಕೊಂಡು, “ನಾನಿವತ್ತು ಸ್ನಾನ ಮಾಡಿಲ್ಲ ಸಾರ್” ಎಂದೆ.

ಮಾಡಿದ್ದೆ. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ಯಜಮಾನರು ಅದನ್ನೇ ನೋಡಿದರು. ನಾನೂ ಅವರನ್ನೇ ನೋಡಿದೆ. ಆ ಆಫೀಸಿನಲ್ಲಿ ಮೊದಲ ಸಲ ನಾನು ಕನ್ನಡಕ ಒರೆಸಲಿಲ್ಲ.

“ಅರೇ, ಎವರೈನಾ ತೀಯಂಡಯ್ಯಾ!” ಹೊರಗಿನಿಂದ ಅಡವಯ್ಯ ಈಗ ಪೂರ್ತಿ ತೆಲುಗಿನಲ್ಲಿ ಕೂಗಿದರು, ಯಾರಾದರೂ ತೆಗೆಯಿರಯ್ಯಾ ಎಂದು. “ಲೇಕಪೋತೇ ನಾ ಸರಕು ನಾಕಿಚ್ಚೆಯ್!” ಆಮೇಲೆ ಯಜಮಾನರಿಗೆ ಚೆನ್ನಾಗಿ ತಿಳಿಯಲೆಂದು ಕನ್ನಡಕ್ಕೆ ಇಳಿದರು: “ನನ್ನ ಮಾಲು ನನಗೆ ಕೊಟ್ಬುಡು, ಇನ್ಮೇಲೆ ಹಿಂದೂಪುರದಾಗೇ ಇಟ್ಕೊತೀನಿ!”

ಅದು ನಾಟಿತು. ಯಜಮಾನರು ಪಟದ ಕಡೆ ತಿರುಗಿದರು. ವೀರಭದ್ರಸ್ವಾಮಿ ಅವರಿಗಿಂತ ಸಿಟ್ಟಿನಲ್ಲಿದ್ದ. ನಮ್ಮ ಆಫೀಸಿನಲ್ಲಿ ಆ ಒಂದು ವಿಷಯದಲ್ಲಿ ಅವರನ್ನು ಮೀರಿಸಿದವನು ಅವನೊಬ್ಬನೇ. ಅವರು ಚಪ್ಪಲಿ ಬಿಟ್ಟರು, ಕೈ ಮುಗಿದರು, ಕಣಗಿಲೆ ಹೂವನ್ನು ಸರಿಸಿ, ತಮ್ಮ ಕೈಯಾರೆ ಮೂರು ಕೀಲಿಗಳನ್ನು ಎತ್ತಿಕೊಂಡರು.

ಲೋಹಿತಾ ಮೇಡಂ ಗೋಡೆಯ ಬರಹವನ್ನು ಒಮ್ಮೆ ನೋಡಿ, ಚೀಲದಿಂದ ಹಾಳೆ ತೆಗೆದರು. “ಚಾರ್ಜು ತಗೊಂಡ್ರಲ್ಲ ಸಾರ್. ನಿಮ್ಮ ರೂಲ್ ಪ್ರಕಾರ ಇವತ್ತಿನ ಜವಾಬ್ದಾರರು ನೀವೇ. ಜೂನ್ ಮೂವತ್ತರ ಸಂಜೆ ರಿಲೀವ್ ಆದ್ರು ಅಂತ ಟೈಪ್ ಮಾಡ್ಕೊಂಡು ಬಂದಿದೀನಿ. ಇಲ್ಲಿ ಒಂದು ಸಹಿ. ಬಾಕಿ ಸಂಬಳದ ಲೆಕ್ಕ ಮಹಾಲಿಂಗಯ್ಯನವರು ಆಮೇಲೆ ಮಾಡಿ ಕಳಿಸ್ತಾರೆ.”

ಯಜಮಾನರು ಪೆನ್ನು ಹಾಳೆಯನ್ನು ಹರಿಯುವ ಹಾಗೆ ಒತ್ತಿ ಸಹಿ ಹಾಕಿದರು. ರಾಧಾಮಣಿ ಎದ್ದು ಬಂದು, ಹಾಳೆಯನ್ನು ತಲೆಯಿಂದ ಕಾಲಿನವರೆಗೆ ಓದಿ, ಮಡಿಸದೆ ಫೈಲಿನಲ್ಲಿಟ್ಟಳು. ಹೊರಡುವ ಮುಂಚೆ ಯಜಮಾನರ ಕೋಣೆಗೆ ಹೋದಳು. ಮೇಜಿನ ಮುಂದಿದ್ದ ನಾಲ್ಕು ಕುರ್ಚಿಗಳಲ್ಲಿ ಒಂದನ್ನು ಎಳೆದುಕೊಂಡಳು. ಯಾರೂ ಹೇಳದೆಯೇ ಕೂತಳು. ಒಂದು ನಿಮಿಷವೂ ಇರಲಾರದು, ಸುಮ್ಮನೆ ಕೂತಿದ್ದು, ಎದ್ದು, ಕುರ್ಚಿಯನ್ನು ಇದ್ದ ಜಾಗಕ್ಕೇ ಸರಿಸಿ ಹೊರಬಂದಳು.

ಕೀಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ ಯಜಮಾನರಿಗೆ ತಡೆಯಲಾಗಲಿಲ್ಲ. “ಅಲ್ಲಮ್ಮ, ಭಾರೀ ಗೆದ್ದೆ ಅನ್ಕೊಬ್ಯಾಡ. ನಾಳೆ ಆ ಸಿರಾದೋರು ಕೇಳೇ ಕೇಳ್ತಾರೆ, ಹಳೇ ಕಡೆ ಚಾರ್ಜು ಯಾರಿಗೆ ಒಪ್ಸಿ ಬಂದೆ ಅಂತ. ಆಗ ಏನಂತೀಯ?”

ರಾಧಾಮಣಿ ಚಪ್ಪಲಿ ಮೆಟ್ಟಿಕೊಂಡಳು.

“ವೀರಭದ್ರಸ್ವಾಮಿಗೆ ಅಂತೀನಿ ಸಾರ್. ಸಿಸಿ ನಿಮ್ಗೆ.”